‘ಆತೇನು?’ ಅನ್ನೋ ಪ್ರಶ್ನೆ

“ನನಗ 29 ವರ್ಷ, ಗದಗಿನ ಕಡೆಯಾಕಿ. ಲಗ್ನಾಗಿ ಎರಡು ವರ್ಷ ಆತು. ಯಜಮಾನ್ರು ಒಳ್ಳೆಯವರು, ನನಗೂ ಮನಸ್ಸೈತಿ. ಆದ್ರ ಕೂಡೋ ಹೊತ್ತಿನ್ಯಾಗ ನಾನು ಮ್ಯಾಲೆ ನಿಂತು ನನ್ನನ್ನ ನೋಡಿದಂಗ ಆಗತೈತಿ. ಹೊಟ್ಟಿ ಕಾಣತೈತೇನು, ಇನ್ನೂ ಯಾಕ ತೃಪ್ತಿ ಆಗವಲ್ದು ಅಂತ. ಅವರು ನಡುವ ‘ಆತೇನು?’ ಅಂತಾರ, ‘ಹೂಂ’ ಅಂತೀನಿ. ನನ್ನೊಳಗ ಏನರ ದೋಷ ಐತೇನ್ರಿ?”

ದೋಷ ಇಲ್ಲ ತಂಗಿ. ನೀವು ಅರ್ಧ ಸಾಲಿನಲ್ಲಿ ಮುಗಿಸಿದ ಆ ‘ಆತೇನು?’ ನನ್ನನ್ನು ಕಾಡಿತು. ಯಜಮಾನರು ಕಾಳಜಿಯಿಂದಲೇ ಕೇಳುತ್ತಿರಬಹುದು, ಆದರೂ ಆ ಪ್ರಶ್ನೆ ತೊಂದರೆಯನ್ನು ಹೆಚ್ಚಿಸುತ್ತದೆ. ಉತ್ತರ ಕೊಡಬೇಕಾದರೆ ನೀವು ಸ್ಪರ್ಶ ಬಿಟ್ಟು ನಿಮ್ಮನ್ನೇ ಪರೀಕ್ಷೆ ಮಾಡಬೇಕಾಗುತ್ತದೆ. ಗಮನ ಅಲ್ಲಿಗೆ ಹೋದರೆ ಮೈಗೆ ಸಿಗುವ ಸುಖದ ಸುದ್ದಿ ಮನಸ್ಸಿಗೆ ಮುಟ್ಟುವುದಿಲ್ಲ, ಒದ್ದೆಯಾಗುವುದೂ ಕಡಿಮೆಯಾಗುತ್ತದೆ. ಅದನ್ನು ಕಂಡು ಮನಸ್ಸು ಇನ್ನಷ್ಟು ಕಾವಲು ಕಾಯುತ್ತದೆ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್, ಹೀಗೆ ತನ್ನನ್ನೇ ಹೊರಗೆ ನಿಂತು ನೋಡುವುದನ್ನು 1970ರಲ್ಲೇ ಪ್ರೇಕ್ಷಕರ ಪಾತ್ರ ಎಂದು ಕರೆದರು. ಅವರು ಕೊಟ್ಟ ಸ್ಪರ್ಶದ ಅಭ್ಯಾಸವನ್ನೇ ನಿಮಗೂ ಹೇಳುತ್ತೇನೆ.

ಎರಡು ವಾರ ಸಂಭೋಗ ಬೇಡ. ವಾರಕ್ಕೆ ಎರಡು ಸಲ, ಒಬ್ಬೊಬ್ಬರ ಸರದಿ 15 ನಿಮಿಷ, ಸ್ತನ ಮತ್ತು ಜನನಾಂಗ ಬಿಟ್ಟು ಉಳಿದ ಮೈ ಮುಟ್ಟಿರಿ. ಮುಟ್ಟುವವರು ಖುಷಿಪಡಿಸಲು ಹೋಗಬಾರದು, ಬೆರಳಿಗೆ ಏನು ತಿಳಿಯುತ್ತದೆ ಅನ್ನುವುದಷ್ಟೇ ಅವರ ಕೆಲಸ. ನಿಮ್ಮ ಸರದಿ ಬಂದಾಗ ಬೋರಲಾಗಿ ಮಲಗಿ ಮೂರೇ ಸಂಗತಿ ಗಮನಿಸಿ: ಬಿಸಿಯೋ ತಂಪೋ, ಒತ್ತಡ ಎಷ್ಟು, ನುಣುಪೋ ಒರಟೋ. ಫ್ಯಾನಿನ ಗಾಳಿ ತಾಗುವ ಬೆನ್ನು ತಣ್ಣಗೆ, ಅವರ ಅಂಗೈ ಇಟ್ಟ ಕಡೆ ಬೆಚ್ಚಗೆ, ಬೆರಳಿನ ಗಂಟು ಸ್ವಲ್ಪ ಒರಟು, ಹೀಗೆ. ನಡುವೆ ‘ಹೊಟ್ಟೆ ಕಾಣುತ್ತಿದೆ’ ಅಂತ ಬಂದೇ ಬರುತ್ತದೆ. ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ. ‘ಲೆಕ್ಕ ಹಾಕ್ತಿದ್ದೀನಿ’ ಅಂತ ಮನಸ್ಸಿನಲ್ಲೇ ಹೆಸರಿಟ್ಟು, ಅಂಗೈ ಇರುವ ಜಾಗಕ್ಕೆ ವಾಪಸ್ ಬನ್ನಿ. 20 ಸಲ ಜಾರಿದರೆ 20 ಸಲ ಬನ್ನಿ, ಅಭ್ಯಾಸ ಅಂದರೆ ಆ ವಾಪಸ್ ಬರುವುದೇ. ದಿನಾ ಜಳಕದಲ್ಲಿ ಒಂದೆರಡು ತಂಬಿಗೆ ಬಿಸಿನೀರು ಹೆಗಲಿನಿಂದ ಇಳಿಯುವುದನ್ನು ಹೀಗೇ ಗಮನಿಸಿದರೆ ರಾತ್ರಿ ಸಲೀಸಾಗುತ್ತದೆ.

ಕೆಡುವುದು ಎರಡು ಕಡೆ. ಆಸೆ ಬಂತೆಂದು ಮಾತು ಮುರಿದು ಮುಂದುವರಿದರೆ, ಮುಂದಿನ ಸಲ ಆ ಸ್ಪರ್ಶವೂ ಪರೀಕ್ಷೆಯೇ ಆಗುತ್ತದೆ. ಇನ್ನೊಂದು, ‘ಉದ್ರೇಕ ಆಯಿತೋ ಇಲ್ಲವೋ’ ಎಂದು ಅಳೆಯುವುದು. ಗುಣ ಕಾಣುವುದು ಬೇರೆ ಕಡೆ: ಗಮನ ಜಾರಿದ್ದು ಮೊದಲಿಗಿಂತ ಬೇಗ ಗೊತ್ತಾಗುತ್ತದೆ. ಹಾಗಾದ ಮೇಲೆ ಬಿಟ್ಟ ಜಾಗಗಳನ್ನೂ ಸೇರಿಸಿಕೊಳ್ಳಿ, ಸಂಭೋಗ ಎಲ್ಲಕ್ಕಿಂತ ಕೊನೆಗೆ. ಕೂಡುವಾಗ ನೋವಿದ್ದರೆ, ಅಥವಾ ಖಿನ್ನತೆಯ ಗುಳಿಗೆ ಶುರುವಾದ ಮೇಲೆ ಹೀಗಾಗಿದ್ದರೆ, ಈ ಅಭ್ಯಾಸವೊಂದೇ ಸಾಲದು, ವೈದ್ಯರಿಗೆ ಹೇಳಿ. ಗುಳಿಗೆ ಮಾತ್ರ ನೀವಾಗಿ ಬಿಡಬೇಡಿ.

ಇಷ್ಟೆಲ್ಲ ಆಗದಿದ್ದರೂ ಒಂದನ್ನು ಮಾಡಲೇಬೇಕು. ಇವತ್ತು ಊಟ ಆದ ಮೇಲೆ, ಹಾಸಿಗೆಗೆ ಹೋಗುವ ಮೊದಲೇ ಅವರಿಗೆ ಹೇಳಿ: “ಇನ್ನ ಮ್ಯಾಲೆ ‘ಆತೇನು’ ಅಂತ ಕೇಳಬ್ಯಾಡ್ರಿ. ನಾನೂ ಸುಳ್ಳ ‘ಹೂಂ’ ಅನ್ನೂದಿಲ್ಲ.”