ಸೈಫರ್‌ನ ವಿನ್ಯಾಸವನ್ನೂ ಬಚ್ಚಿಟ್ಟರೆ ಲಾಭವಲ್ಲವೇ?

ಪ್ರಶ್ನೆ: ಎನ್‌ಕ್ರಿಪ್ಷನ್ ವಿಧಾನಗಳನ್ನು, ಅಂದರೆ ಸೈಫರ್‌ಗಳನ್ನು, ಜಗತ್ತಿಗೆಲ್ಲ ತಿಳಿಯುವಂತೆ ಪ್ರಕಟಿಸಿ, ಕೀಲಿಯೊಂದನ್ನೇ ಗುಟ್ಟಾಗಿಡುತ್ತಾರಂತೆ. ವಿಧಾನವನ್ನೂ ಮುಚ್ಚಿಟ್ಟರೆ ಕಳ್ಳನಿಗೆ ಎರಡು ಬೀಗ ಒಡೆಯುವ ಕೆಲಸವಾಗುವುದಿಲ್ಲವೇ?

ಉತ್ತರ: ಆ ಎರಡನೆಯ ಬೀಗ ಬಹಳ ದಿನ ಉಳಿಯುವುದಿಲ್ಲ. ಕೀಲಿ ಬಯಲಾದರೆ ಹೊಸ ಕೀಲಿ ಹಾಕಬಹುದು. ವಿನ್ಯಾಸವಾದರೋ ಮಾರಾಟವಾದ ಪ್ರತಿ ಸಾಧನದೊಳಗೂ ಕುಳಿತಿರುತ್ತದೆ. ಒಂದನ್ನು ಬಿಚ್ಚಿ ನೋಡಿದರೆ ಎಲ್ಲದರ ಗುಟ್ಟೂ ರಟ್ಟು. ವಿಧಾನವು ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು ಎಂದು ಗೂಢಲಿಪಿ ತಜ್ಞ ಕೆರ್ಕೋಫ್ಸ್ 1883ರಲ್ಲೇ ಬರೆದಿದ್ದರು.

ಕೋಟಿಗಟ್ಟಲೆ ಮಾರಾಟವಾದ ಮೈಫೇರ್ ಕ್ಲಾಸಿಕ್ ಕಾರ್ಡಿನ ಕಥೆ ನೋಡಿ. ಬಸ್ಸು, ರೈಲು, ಕಚೇರಿ ಬಾಗಿಲುಗಳಲ್ಲಿ ಬಳಸುತ್ತಿದ್ದ ಈ ಕಾರ್ಡಿನ ಸೈಫರ್ ಕ್ರಿಪ್ಟೋ-1 ವರ್ಷಗಟ್ಟಲೆ ಗುಟ್ಟಾಗಿತ್ತು. 2007ರ ಕೊನೆಯಲ್ಲಿ ಕಾರ್ಸ್ಟೆನ್ ನೋಲ್ ಮತ್ತು ಹೆನ್ರಿಕ್ ಪ್ಲಾಟ್ಜ್ ಅದರ ಚಿಪ್ಪನ್ನು ಪದರ ಪದರವಾಗಿ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು, ಸರ್ಕ್ಯೂಟಿನಿಂದಲೇ ವಿಧಾನವನ್ನು ಓದಿ ತೆಗೆದರು.

ಮುಚ್ಚಳ ತೆರೆದಾಗ ಕಂಡದ್ದು ಹುಳುಕು. ಪ್ರತಿ ವ್ಯವಹಾರಕ್ಕೂ ಕಾರ್ಡು ಹೊಸ ಯಾದೃಚ್ಛಿಕ ಸಂಖ್ಯೆಯೊಂದನ್ನು ಕೊಡಬೇಕು. ಆ ಸಂಖ್ಯೆ 32 ಬಿಟ್ ಉದ್ದವಿದ್ದರೂ ಅದನ್ನು ಹುಟ್ಟಿಸುತ್ತಿದ್ದ ಯಂತ್ರ ಕೇವಲ 16 ಬಿಟ್‌ನದು, ಅಂದರೆ ಸುಮಾರು 65 ಸಾವಿರ ಸಾಧ್ಯತೆಗಳು. ಸಾಲದ್ದಕ್ಕೆ, ಕಾರ್ಡಿಗೆ ವಿದ್ಯುತ್ ಬಂದಾಗಲೆಲ್ಲ ಅದು ಒಂದೇ ಸ್ಥಿತಿಯಿಂದ ಎಣಿಕೆ ಆರಂಭಿಸುತ್ತಿತ್ತು. ವಿದ್ಯುತ್ ಕೊಟ್ಟ ಮೇಲೆ ಸರಿಯಾಗಿ ಅಷ್ಟೇ ಹೊತ್ತು ಕಾದು ಕೇಳಿದರೆ ಅದೇ ಸಂಖ್ಯೆ ಮತ್ತೆ ಬರುತ್ತಿತ್ತು. ಇದಲ್ಲದೆ ಸೈಫರ್‌ನ 48 ಬಿಟ್‌ಗಳ ಒಳಸ್ಥಿತಿಯಲ್ಲಿ ಒಂದು ಬಿಟ್ಟು ಒಂದರಂತೆ ಆಯ್ದ ಸ್ಥಾನಗಳು ಮಾತ್ರ ಹೊರಬರುವ ಬಿಟ್ಟನ್ನು ನಿರ್ಧರಿಸುತ್ತಿದ್ದುದರಿಂದ, ಲೆಕ್ಕವನ್ನು ಎರಡು ಸಣ್ಣ ಹೋಳುಗಳಾಗಿ ಬಿಡಿಸಲು ದಾರಿಯಾಯಿತು. 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು, ಕಾರ್ಡು ಓದುವ ಯಂತ್ರದ ಜೊತೆಗಿನ ಒಂದೆರಡು ಸಂಭಾಷಣೆಗಳಿಂದ ಸಾಮಾನ್ಯ ಕಂಪ್ಯೂಟರಿನಲ್ಲಿ ಸೆಕೆಂಡಿನೊಳಗೆ ಕೀಲಿ ಪಡೆದು ತೋರಿಸಿದರು. ತಯಾರಕರು ಪ್ರಕಟಣೆ ತಡೆಯಲು ನ್ಯಾಯಾಲಯದ ಮೆಟ್ಟಿಲೇರಿದರೂ ಸೋತರು. ಅಷ್ಟರಲ್ಲಿ ಜನರ ಜೇಬಿನಲ್ಲಿದ್ದ ಕಾರ್ಡುಗಳನ್ನು ಬದಲಿಸುವುದು ಬಿಟ್ಟು ಬೇರೆ ಪರಿಹಾರವಿರಲಿಲ್ಲ.

ಗಮನಿಸಿ, ಕಾರ್ಡನ್ನು ಕೆಡಿಸಿದ್ದು ಬಯಲಾಗುವಿಕೆಯಲ್ಲ. ಹುಳುಕು ಮೊದಲ ದಿನದಿಂದಲೇ ಇತ್ತು, ಗುಟ್ಟಿನ ನೆರಳಲ್ಲಿ ತಿದ್ದುವವರ ಕಣ್ಣಿಗೆ ಬೀಳದೆ ಉಳಿದಿತ್ತು. ಅಮೆರಿಕದ ಎನ್‌ಕ್ರಿಪ್ಷನ್ ಮಾನದಂಡವಾದ ಎಇಎಸ್ ಇದಕ್ಕೆ ತದ್ವಿರುದ್ಧ. ಅದನ್ನು ಆರಿಸಲು ನಡೆದ ಬಹಿರಂಗ ಸ್ಪರ್ಧೆಗೆ 1998ರಲ್ಲಿ ಇಳಿದ 15 ಸೈಫರ್‌ಗಳನ್ನು ಪ್ರತಿಸ್ಪರ್ಧಿಗಳೇ ಜಾಲಾಡಿದರು. 2000ದಲ್ಲಿ ರೈನ್‌ಡಾಲ್ ಗೆದ್ದು ಎಇಎಸ್ ಆಯಿತು. ಅದರ ಪ್ರತಿ ಹೆಜ್ಜೆಯೂ ಬಹಿರಂಗವಾಗಿದ್ದರೂ, 128 ಬಿಟ್ ಕೀಲಿಯನ್ನು ಒಂದೊಂದಾಗಿ ಊಹಿಸುತ್ತ, ಸೆಕೆಂಡಿಗೆ 10 ಸಾವಿರ ಕೋಟಿ ಕೋಟಿ ಊಹೆ ಮಾಡಿದರೂ ಎಲ್ಲವನ್ನೂ ಮುಗಿಸಲು ಸುಮಾರು 10 ಲಕ್ಷ ಕೋಟಿ ವರ್ಷಗಳೇ ಬೇಕು.

ಹಾಗೆಂದು ಪ್ರಕಟಿಸಿದ್ದೆಲ್ಲ ಭದ್ರವೆಂದಲ್ಲ. ಯಾರೂ ಪರೀಕ್ಷಿಸದ ವಿನ್ಯಾಸವು ಬಯಲಿನಲ್ಲಿದ್ದರೂ ಅಷ್ಟೇ. ಎಇಎಸ್ ಬಳಸುತ್ತ ನಿಮ್ಮ ಉಳಿದ ಏರ್ಪಾಡುಗಳನ್ನು ಗುಟ್ಟಾಗಿಟ್ಟರೆ ನನ್ನ ಆಕ್ಷೇಪವಿಲ್ಲ. ಆದರೆ ಆ ಗುಟ್ಟು ಹೋದ ದಿನವೂ ದತ್ತಾಂಶ ಭದ್ರವಾಗಿರುತ್ತದೆಯೇ ಎಂದು ಕೇಳಿಕೊಳ್ಳಿ. ಕೀಲಿಯನ್ನು ಜನ್ಮದಿನಾಂಕದಿಂದ ಹುಟ್ಟಿಸಿದ್ದರೆ ಎಇಎಸ್ ಕೂಡ ಕಾಯಲಾರದು, ಏಕೆಂದರೆ ಕಳ್ಳ ಪ್ರಯತ್ನಿಸಬೇಕಾದ್ದು ಕೆಲವು ಹತ್ತು ಸಾವಿರ ದಿನಾಂಕಗಳನ್ನು ಮಾತ್ರ.