ತವರಿನ ಡಬ್ಬಿ

ನಾಗರ ಪಂಚಮಿ ಮುಗಿದ ಮರುವಾರ ನನ್ನ ಕೋಣೆಗೆ ಬರುವ ಹೆಣ್ಣುಮಕ್ಕಳು ಕುರ್ಚಿಯಲ್ಲಿ ಕೂರುವ ಮೊದಲೇ ತಪ್ಪೊಪ್ಪಿಗೆ ಶುರು ಮಾಡುತ್ತಾರೆ. ತವರಿಗೆ ಹೋಗಿದ್ದೆ, ಉಂಡಿ ತಿಂದೆ, ಎರಡು ಕೆ.ಜಿ. ಏರಿದೆ, ನಾಲ್ಕು ತಿಂಗಳ ಶ್ರಮ ನೀರಿಗೆ ಹೋಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಕುಳಿತು ಆಹಾರ ಮತ್ತು ತೂಕದ ಬಗ್ಗೆ ಸಲಹೆ ಕೊಡುವವಳಿಗೆ ಇದು ಪ್ರತಿ ಶ್ರಾವಣದ ಮಾತು. ಆದರೂ ಈ ಒಂದು ಪ್ರಕರಣವನ್ನು ಬರೆಯುತ್ತಿರುವುದಕ್ಕೆ ಕಾರಣ, ಇದರಲ್ಲಿ ಮೊದಲು ಎಡವಿದವಳು ನಾನು.

ಅವರು ಧಾರವಾಡದ ಶಾಲೆಯೊಂದರ ಶಿಕ್ಷಕಿ, ವಯಸ್ಸು ನಲವತ್ತು ದಾಟಿದೆ. ತವರು ಗದಗ ಜಿಲ್ಲೆಯ ಒಂದು ಹಳ್ಳಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ. ಮಂಡಿ ನೋವಿಗೆ ತೂಕ ಇಳಿಸಬೇಕಿತ್ತು, ಅಷ್ಟೇ. ಹೋದ ವರ್ಷ ಪಂಚಮಿಗೆ ಹೊರಡುವ ಮುನ್ನ ಅವರು ಕೇಳಿದಾಗ ನಾನು ಪುಸ್ತಕದ ಉತ್ತರ ಕೊಟ್ಟಿದ್ದೆ: ‘ಸಿಹಿ ಮುಟ್ಟಬೇಡಿ, ಯಾರು ಒತ್ತಾಯ ಮಾಡಿದರೂ ಬೇಡ ಎನ್ನಿ.’ ಅವರು ಹೂಂ ಎಂದು ಹೋದರು. ಮತ್ತೆ ಬಂದದ್ದು ಆರು ತಿಂಗಳ ನಂತರ, ಮೊದಲಿಗಿಂತ ಹೆಚ್ಚು ತೂಕದೊಂದಿಗೆ.

ಈ ವರ್ಷ ಆಷಾಢದ ಕೊನೆಯಲ್ಲಿ ನಡೆದ ಭೇಟಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಬ್ಬಕ್ಕೆ ಹತ್ತು ದಿನವಿತ್ತು. ಅವರು ಚೀಲದಿಂದ ಎರಡು ವಸ್ತು ತೆಗೆದು ಮೇಜಿನ ಮೇಲಿಟ್ಟರು. ಒಂದು, ಹೋದ ವರ್ಷದ ಗೋಡೆ ಕ್ಯಾಲೆಂಡರಿನ ಎರಡು ಹಾಳೆ. ತೂಕ ನೋಡಿದ ದಿನಗಳ ಚೌಕದಲ್ಲಿ ಪೆನ್ಸಿಲಿನಿಂದ ಅಂಕಿ ಬರೆದಿದ್ದರು. ಇನ್ನೊಂದು, ಕಾಗದದಲ್ಲಿ ಸುತ್ತಿದ ಒಂದು ಶೇಂಗಾ ಉಂಡಿ. ಊರಿನಿಂದ ಬಂದ ಅಣ್ಣನ ಕೈಯಲ್ಲಿ ಅವ್ವ ಮುಂಚಿತವಾಗಿಯೇ ಕಳಿಸಿದ್ದಂತೆ.

ಉಂಡಿಯನ್ನು ನನ್ನ ತಕ್ಕಡಿಯ ಮೇಲಿಟ್ಟೆ. 64 ಗ್ರಾಂ. ಶೇಂಗಾ ಮತ್ತು ಬೆಲ್ಲ ಹೆಚ್ಚೂಕಡಿಮೆ ಸಮ ಎಂದು ಹಿಡಿದರೆ ಸುಮಾರು 300 ಕ್ಯಾಲರಿ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 170ರ ಆಸುಪಾಸು ಇರುತ್ತದೆ. ಅಂದರೆ ಒಂದು ಉಂಡಿ ಒಂದೂಮುಕ್ಕಾಲು ರೊಟ್ಟಿಗೆ ಸಮ. ‘ಬೆಲ್ಲದ್ದು, ಸಕ್ಕರೆಯದಲ್ಲ’ ಎಂದು ಅವರು ಸಮಾಧಾನ ಹೇಳಿಕೊಂಡರು. ಕ್ಯಾಲರಿಯ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಈಗ ‘ಸಕ್ಕರೆ ರಹಿತ’ ಎಂದು ಮಾರುವ ಖರ್ಜೂರದ ಉಂಡಿಯೂ ಅಷ್ಟೇ; ಖರ್ಜೂರದ ಸಿಹಿ, ಗೋಡಂಬಿ, ತುಪ್ಪ ಸೇರಿದರೆ ಅದು ಶೇಂಗಾ ಉಂಡಿಯ ಅಣ್ಣನೇ. ಉಂಡಿಯ ವಿಷಯದಲ್ಲಿ ನಿಜವಾಗಿ ಬದಲಿಸಬಹುದಾದದ್ದು ಗಾತ್ರ ಮತ್ತು ಎಣಿಕೆ.

ಆಮೇಲೆ ಕ್ಯಾಲೆಂಡರ್ ಹಾಳೆ ನೋಡಿದೆವು. ಹೋಗುವ ಮುನ್ನ 71. ಬಂದ ಮರುದಿನ 73.3. ಅಲ್ಲಿಂದ ಖಾಲಿ ಚೌಕಗಳ ಸಾಲು. ಕೊನೆಗೆ ಗಣೇಶ ಚತುರ್ಥಿಯ ಬೆಳಿಗ್ಗೆ, ಅಂದರೆ ಸುಮಾರು ಒಂದು ತಿಂಗಳ ನಂತರ, 73.

‘ನೋಡಿ ಮೇಡಂ, ಹಬ್ಬದಲ್ಲಿ ಏರಿದ್ದು ಒಂದು ತಿಂಗಳಾದರೂ ಇಳಿಯಲಿಲ್ಲ’ ಎಂದರು.

ನಾನೂ ಒಂದು ಗಳಿಗೆ ಹಾಗೆಯೇ ಓದಿದ್ದೆ. ಅಷ್ಟರಲ್ಲಿ ಅವರೇ ಒಂದು ಮಾತು ಸೇರಿಸಿದರು: ‘ಹಬ್ಬದಲ್ಲಿ ನಾನು ಅಷ್ಟು ತಿಂದೇ ಇರಲಿಲ್ಲ. ನೀವು ಬೇಡ ಎಂದಿದ್ದಿರಲ್ಲ, ದಿನಕ್ಕೆ ಎಲ್ಲರ ಎದುರು ಒಂದು, ಅಡುಗೆಮನೆಯಲ್ಲಿ ಕದ್ದು ಒಂದು, ಅಷ್ಟೇ. ನಿಜವಾಗಿ ತಿಂದದ್ದು ಇಲ್ಲಿ, ಡಬ್ಬಿಯಿಂದ.’

ಯಾವ ಡಬ್ಬಿ? ತವರಿನಿಂದ ಬರುವಾಗ ಅವ್ವ ತುಂಬಿ ಕೊಡುವ ಸ್ಟೀಲ್ ಡಬ್ಬಿ. ನಲವತ್ತು ಉಂಡಿ. ಗಂಡ ಸಿಹಿ ತಿನ್ನುವವರಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ. ಹತ್ತನ್ನು ಬೇರೆಯವರು ತಿಂದರು ಎಂದುಕೊಂಡರೂ ಮೂವತ್ತು ಇವರ ಪಾಲು. ಶಾಲೆಯಿಂದ ಸಂಜೆ ಐದಕ್ಕೆ ಹಸಿದು ಬಂದು, ಚಹಾ ಕುದಿಯುವ ಹೊತ್ತಿಗೆ ಒಂದು, ಕುಡಿಯುವಾಗ ಇನ್ನೊಂದು.

ಅಲ್ಲೇ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆದೆ. ಮೈಯಲ್ಲಿ ಒಂದು ಕೆ.ಜಿ. ಕೊಬ್ಬು ಕೂಡಲು ಸುಮಾರು 7700 ಕ್ಯಾಲರಿ ಹೆಚ್ಚುವರಿಯಾಗಿ ತಿನ್ನಬೇಕು. ಐದು ದಿನದ ಹಬ್ಬದಲ್ಲಿ ದಿನಕ್ಕೆ ಎರಡು ಉಂಡಿ ಎಂದರೆ 3000. ಕೂಡಬಹುದಾದ ಕೊಬ್ಬು 400 ಗ್ರಾಂ. ಹಾಗಾದರೆ ಬಂದ ಮರುದಿನದ 2.3 ಕೆ.ಜಿ.ಯಲ್ಲಿ ಉಳಿದದ್ದು ಏನು? ಬಹುಪಾಲು ನೀರು. ತಿಂಗಳುಗಟ್ಟಲೆ ಮಿತವಾಗಿ ಉಂಡವರ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ದಾಸ್ತಾನು ಸ್ವಲ್ಪ ಬರಿದಾಗಿರುತ್ತದೆ. ನಾಲ್ಕು ದಿನ ಚೆನ್ನಾಗಿ ಉಂಡರೆ ಅದು ತುಂಬುತ್ತದೆ, ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಹೊಟ್ಟೆಯಲ್ಲಿರುವ ಊಟದ ಭಾರ ಬೇರೆ. ಇದೆಲ್ಲ ಮಾಮೂಲಿ ಊಟಕ್ಕೆ ಮರಳಿದ ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ.

ಡಬ್ಬಿಯ ಲೆಕ್ಕ ಬೇರೆ. ಮೂವತ್ತು ಉಂಡಿ, 9000 ಕ್ಯಾಲರಿ, 1.2 ಕೆ.ಜಿ. ಕೊಬ್ಬು. ತೂಕ ನೋಡಿ ಬೇಸರವಾಗಿ ಬೆಳಗಿನ ನಡಿಗೆಯನ್ನೂ ಬಿಟ್ಟಿದ್ದರು. ಅದರಿಂದ ಇನ್ನೊಂದು ನಾಲ್ಕುನೂರು ಗ್ರಾಂ ಎಂದಿಟ್ಟುಕೊಳ್ಳಿ. ಹಬ್ಬದ 400 ಗ್ರಾಂ ಸೇರಿಸಿದರೆ ಎರಡು ಕೆ.ಜಿ. ಕ್ಯಾಲೆಂಡರಿನಲ್ಲೂ ಅದೇ ಇತ್ತು: 71ರಿಂದ 73. ಕಾಗದದ ಮೇಲಿನ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂಡುವುದು ಅಪರೂಪ, ದೇಹ ಗಣಿತ ಓದಿಲ್ಲ. ಆದರೆ ವಿಷಯ ಸ್ಪಷ್ಟವಾಗಿತ್ತು. 73.3 ಮತ್ತು 73 ನೋಡಲು ಒಂದೇ ಅಂಕಿ, ಒಳಗಿನ ಸರಕು ಬೇರೆ. ಮೊದಲನೆಯದರಲ್ಲಿದ್ದ ನೀರು ಇಳಿದು ಹೋಗಿತ್ತು. ಅದು ಇಳಿಯುತ್ತಿದ್ದ ಹಾಗೇ ಡಬ್ಬಿಯ ಕೊಬ್ಬು ಅದರ ಜಾಗಕ್ಕೆ ಬಂದು ಕೂತಿತ್ತು.

ಅವರು ಹಾಳೆಯನ್ನು ತುಂಬಾ ಹೊತ್ತು ನೋಡಿದರು. ‘ಹಾಗಾದರೆ ನಾನು ವರ್ಷವಿಡೀ ಅವ್ವನ ಮನೆಯ ಊಟವನ್ನು ಬೈದದ್ದು ಸುಳ್ಳು’ ಎಂದರು.

ಸಲಹೆ ಅಲ್ಲಿಂದ ಹುಟ್ಟಿತು. ಡಬ್ಬಿ ಬೇಡ ಎನ್ನುವ ಮಾತೇ ಇಲ್ಲ. ತವರಿನ ಡಬ್ಬಿಯನ್ನು ನಿರಾಕರಿಸು ಎಂದು ಹೆಣ್ಣುಮಗಳಿಗೆ ಹೇಳುವ ಸಲಹೆಗಾರರು ಈ ಭಾಗದ ಒಂದು ಪಂಚಮಿಯನ್ನಾದರೂ ಕಂಡು ಬರಲಿ. ಡಬ್ಬಿ ಬರಲಿ, ಆದರೆ ಬಂದ ಎರಡು ದಿನದೊಳಗೆ ಶಾಲೆಯ ಶಿಕ್ಷಕರ ಕೋಣೆ ಮತ್ತು ಓಣಿಯ ನಾಲ್ಕು ಮನೆಗೆ ಹಂಚಿ ಹೋಗಲಿ. ಎಂಟು ಉಂಡಿ ಮಾತ್ರ ಬೇರೆ ಸಣ್ಣ ಡಬ್ಬಿಯಲ್ಲಿ. ತಿನ್ನುವುದು ದಿನ ಬಿಟ್ಟು ದಿನ, ಮಧ್ಯಾಹ್ನದ ಊಟದ ಕೊನೆಗೆ. ಸಂಜೆ ಐದರ ಹಸಿವಿಗೆ ಉಂಡಿ ಅಲ್ಲ. ಆಗ ಒಂದು ಹಿಡಿ ಪುಟಾಣಿ ಮತ್ತು ಮಜ್ಜಿಗೆ, ಇಲ್ಲವೇ ಬೆಳಗಿನ ಹೆಸರುಕಾಳಿನ ಉಸುಳಿ. ಹಸಿದ ಹೊಟ್ಟೆ ಒಂದು ಉಂಡಿಗೆ ನಿಲ್ಲುವುದಿಲ್ಲ, ತುಂಬಿದ ಹೊಟ್ಟೆಗೆ ಒಂದೇ ಸಾಕಾಗುತ್ತದೆ. ಇನ್ನೊಂದು, ಅವ್ವನಿಗೆ ನಿಂಬೆಹಣ್ಣಿನ ಗಾತ್ರದಲ್ಲಿ ಕಟ್ಟಲು ಹೇಳುವುದು. 25 ಗ್ರಾಂ ಉಂಡಿಯಲ್ಲಿ 120 ಕ್ಯಾಲರಿ.

ಹಬ್ಬದೂಟದ ಬಗ್ಗೆ ನಾನು ಹೆಚ್ಚು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ರೊಟ್ಟಿ ಹಬ್ಬದ ತಾಟನ್ನು ನೋಡಿ: ಸಜ್ಜೆ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಯ, ಹಸಿ ಮೆಂತ್ಯ, ಸೌತೆಕಾಯಿ, ಮೊಸರು. ನಾನು ಬರೆದುಕೊಡುವ ಪಥ್ಯಕ್ಕಿಂತ ಚೆನ್ನಾಗಿದೆ. ಕಾಳು ಮತ್ತು ಹಸಿ ಸೊಪ್ಪನ್ನು ಮೊದಲು ಬಡಿಸಿಕೊಳ್ಳಿ, ಶೇಂಗಾ ಚಟ್ನಿಪುಡಿಯ ಮೇಲೆ ಎಣ್ಣೆಯ ಬದಲು ಮೊಸರು ಹಾಕಿಕೊಳ್ಳಿ, ಕೊನೆಗೆ ಕೂತು ಒಂದು ಉಂಡಿ ತಿನ್ನಿ ಎಂದೆ. ಉಂಡಿ ಕಟ್ಟಲು ಕೂತಾಗ ಮುರಿದದ್ದು, ಉದುರಿದ್ದು ಬಾಯಿಗೆ ಹೋಗುವುದೇ ದೊಡ್ಡ ಸೋರಿಕೆ. ಅದಕ್ಕೆ ಉಪಾಯ, ಊಟ ಮಾಡಿ ಕಟ್ಟಲು ಕೂರುವುದು. ಪ್ರಯಾಣದ್ದೂ ಅದೇ ಕಥೆ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಿದರೆ ಗದಗ ನಿಲ್ದಾಣದ ಮಿರ್ಚಿಯ ವಾಸನೆಗೆ ಎರಡು ಪ್ಲೇಟ್ ಖಾಲಿಯಾಗುತ್ತದೆ. ಒಂದು ರೊಟ್ಟಿ, ಕಾಳುಪಲ್ಯ ತಿಂದು ಹೊರಟರೆ ಮಂಡಕ್ಕಿ ಗಿರ್ಮಿಟ್ಟಿನೊಂದಿಗೆ ಒಂದು ಮಿರ್ಚಿಗೆ ಮುಗಿಯುತ್ತದೆ. ವ್ಯಾಯಾಮ ಐದು ದಿನ ನಿಂತರೆ ಸ್ನಾಯುವಿನ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಹೊಲಕ್ಕೆ ನಡೆದು ಹೋಗಿ ಬನ್ನಿ, ಸಾಕು.

ಬಂದ ಮೇಲೆ ಒಂದು ವಾರ ತೂಕ ನೋಡಬಾರದು ಎಂದೂ ಹೇಳಿದ್ದೆ. ಏಳು ದಿನದ ನಂತರವೂ ಒಂದು ಕೆ.ಜಿ.ಗಿಂತ ಹೆಚ್ಚು ಉಳಿದಿದ್ದರೆ ಮನೆಯಲ್ಲಿ ಎಲ್ಲೋ ಒಂದು ಡಬ್ಬಿ ತೆರೆದಿದೆ ಎಂದು ಅರ್ಥ. ನಿಂಬೆನೀರಿನ ಉಪವಾಸದಿಂದ ಹಬ್ಬದ ತೂಕವನ್ನು ‘ತೊಳೆಯುವ’ ಪ್ರಯತ್ನ ಬೇಡ. ತಾನಾಗಿ ಇಳಿಯುವ ನೀರಿಗೆ ಉಪವಾಸ ಮಾಡಿ, ನಾಲ್ಕನೆಯ ದಿನ ಹಸಿವು ತಾಳದೆ ಡಬ್ಬಿಗೆ ಕೈ ಹಾಕಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನನ್ನ ಪರಿಚಯದ ಸಲಹೆಗಾರರೊಬ್ಬರು ಇದನ್ನು ಕೇಳಿ, ‘ನೀವೇ ಉಂಡಿ ತಿನ್ನಲು ಪರವಾನಗಿ ಕೊಟ್ಟರೆ ಹೇಗೆ’ ಎಂದರು. ಹೋದ ವರ್ಷ ನಾನು ಪರವಾನಗಿ ಕೊಟ್ಟಿರಲಿಲ್ಲ. ಆಕೆ ಕದ್ದು ತಿಂದರು, ಹೇಗೂ ಕೆಟ್ಟಿತು ಎಂದು ಎಲ್ಲ ಬಿಟ್ಟರು, ನನ್ನ ಮುಖ ನೋಡಲು ನಾಚಿ ಆರು ತಿಂಗಳು ಬರಲಿಲ್ಲ. ಮಂಡಿ ನೋವು ಅಷ್ಟೂ ದಿನ ಆಕೆಯದು. ಎಣಿಸಿ ಕೊಟ್ಟ ಎಂಟು ಉಂಡಿ ನನಗೆ ಅಗ್ಗವೆನಿಸುತ್ತದೆ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರಿಗೆ ಅವರ ವೈದ್ಯರನ್ನು ಕೇಳದೆ ನಾನು ಎಂಟನ್ನಲ್ಲ, ಎರಡನ್ನೂ ಹೇಳುವುದಿಲ್ಲ.

ಈ ಸಲ ಹೋಗುವಾಗ 69.6 ಇತ್ತು. ವಾರ ಕಾಯಿರಿ ಎಂದರೂ ಬಂದ ಮರುದಿನವೇ ತಕ್ಕಡಿ ಹತ್ತಿದ್ದಾರೆ, 71.5. ಆದರೆ ಅದರ ಪಕ್ಕ ಪೆನ್ಸಿಲಿನಿಂದ ‘ನೀರು’ ಎಂದು ಬರೆದು ನಡಿಗೆಗೆ ಹೋಗಿದ್ದಾರೆ. ಏಳನೆಯ ದಿನ 69.9. ಚತುರ್ಥಿಯ ಹೊತ್ತಿಗೆ 69.1. ಅವ್ವ ಸಣ್ಣ ಉಂಡಿ ಕಟ್ಟಲು ಒಪ್ಪಲೇ ಇಲ್ಲವಂತೆ, ‘ನೋಡಿದವರು ಏನೆಂದಾರು’ ಎಂದು. ಕೊನೆಗೆ ವೈನಿ ಅಡುಗೆಮನೆಯ ಮೂಲೆಯಲ್ಲಿ ಕೂತು ಇವರಿಗಾಗಿ ಹನ್ನೆರಡು ಕಟ್ಟಿಕೊಟ್ಟರು. ಮೇಲೆ ಅವ್ವನ ನಲವತ್ತು ದೊಡ್ಡವೂ ಡಬ್ಬಿಯಲ್ಲಿ ಬಂದವು, ಶಿಕ್ಷಕರ ಕೋಣೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಖಾಲಿಯಾದವು.

ಈಗ ಅವರ ಚಿಂತೆ ದೀಪಾವಳಿಯದು. ಆಗ ಹೋಗಬೇಕಾದದ್ದು ಹಾವೇರಿಯ ನಾದಿನಿಯ ಮನೆಗೆ. ‘ಅಲ್ಲಿ ಡಬ್ಬಿ ಕೊಡುವುದಿಲ್ಲ ಮೇಡಂ, ಹಿಂದೆ ನಿಂತು ತಾಟಿಗೇ ಬಡಿಸುತ್ತಾರೆ’ ಎಂದರು. ಅದಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ. ಮುಂದಿನ ತಿಂಗಳು ಬನ್ನಿ ಎಂದಿದ್ದೇನೆ.