ಒತ್ತು ಬದಲಾದರೆ ಅರ್ಥ ಬದಲು

“‘ನಾನು ಅವಳಿಗೆ ಹಣ ಕೊಡಲಿಲ್ಲ’ ಅನ್ನೋ ವಾಕ್ಯದಲ್ಲಿ ಒತ್ತು ಬದಲಾದ್ರೆ ಅರ್ಥ ಹೇಗೆ ಬದಲಾಗುತ್ತೆ? ಬರೆಯುವಾಗ ಏನು ಮಾಡೋದು?”

ಒತ್ತು ಬಿದ್ದ ಪದವಷ್ಟೇ ತಪ್ಪು, ಉಳಿದದ್ದು ನಿಜ ಎಂಬ ಸೂಚನೆ ಕೇಳುವವರಿಗೆ ಸಿಗುತ್ತದೆ. ‘ನಾನು’ ಒತ್ತಿದರೆ ಬೇರೆ ಯಾರೋ ಕೊಟ್ಟಿದ್ದಾರೆ. ‘ಅವಳಿಗೆ’ ಒತ್ತಿದರೆ ಹಣ ಇನ್ನೊಬ್ಬರ ಕೈಸೇರಿದೆ. ‘ಹಣ’ ಒತ್ತಿದರೆ ಕೊಟ್ಟದ್ದು ಮತ್ತೇನೋ. ‘ಕೊಡಲಿಲ್ಲ’ ಒತ್ತಿದರೆ ಮಾತ್ರ ನೇರ ನಿರಾಕರಣೆ.

ಬರಹದಲ್ಲಿ ದನಿ ಇಲ್ಲವಲ್ಲ, ಅದಕ್ಕೇ ಅನೇಕರು ‘ಏ’ ಅಂಟಿಸಿ ಎಡವುತ್ತಾರೆ. ‘ನಾನೇ ಕೊಡಲಿಲ್ಲ’ ಎಂದರೆ ಬೇಕೆಂದೇ ಕೊಡಲಿಲ್ಲ ಎಂದಾಗಿಬಿಡುತ್ತದೆ! ಇಲ್ಲಿ ‘ಇಲ್ಲ’ ಬಿಟ್ಟು ‘ಅಲ್ಲ’ ಹಿಡಿಯಿರಿ. ಅಲ್ಲಗಳೆಯಬೇಕಾದ ಪದವನ್ನು ಕೊನೆಗೆ ತಂದು ಅದಕ್ಕೇ ಸೇರಿಸಿ: ‘ಅವಳಿಗೆ ಹಣ ಕೊಟ್ಟದ್ದು ನಾನಲ್ಲ’, ‘ನಾನು ಹಣ ಕೊಟ್ಟದ್ದು ಅವಳಿಗಲ್ಲ’, ‘ನಾನು ಅವಳಿಗೆ ಕೊಟ್ಟದ್ದು ಹಣವಲ್ಲ’. ನೇರ ನಿರಾಕರಣೆಗೆ ‘ಕೊಡಲೇ ಇಲ್ಲ’ ಸಾಕು.